ಆಡಿಟ್ ಗಂಟೆಗಳು ಮುಗಿದುಹೋದಾಗ

ಕಂಪನಿಯ ಆಡಿಟ್ ಶುಲ್ಕವನ್ನು ಕಳೆದ ವರ್ಷದ ಮೊತ್ತಕ್ಕೆ ಒಂದಿಷ್ಟು ಸೇರಿಸಿ ಹೇಳಿಬಿಡುವುದು ಅನೇಕ ಕಚೇರಿಗಳ ರೂಢಿ. ಆದರೆ ಲೆಕ್ಕ ಶುರುವಾಗಬೇಕಾದದ್ದು ಗಂಟೆಗಳಿಂದ.

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ ಕಂಪನಿಯನ್ನು ಊಹಿಸಿಕೊಳ್ಳಿ. ಆಡಿಟರ್ ನೂರು ಗಂಟೆ ಅಂದಾಜು ಮಾಡುತ್ತಾರೆ: ತಮಗೆ 10, ಕಚೇರಿಯ ಸಿಎಗೆ 25, ಆರ್ಟಿಕಲ್‌ಶಿಪ್ ಹುಡುಗರಿಗೆ 65. ಗಂಟೆಗೆ ಕ್ರಮವಾಗಿ 2,500, 1,000, 300 ರೂಪಾಯಿ ಹಿಡಿದರೆ 69,500. ಶುಲ್ಕ 70,000 ಎಂದು ನಿಗದಿಯಾಗುತ್ತದೆ. ಗಿರಣಿಯಲ್ಲಿ ಎಡವಟ್ಟು ಆಗುವುದು ದಾಸ್ತಾನಿನಲ್ಲೇ. ಹಾಗಾಗಿ ಅದಕ್ಕೇ 20 ಗಂಟೆ ಮೀಸಲು.

ಈಗ ನೋಡಿ. ಗಿರಣಿಯಲ್ಲಿ ಆಡಿದ ಭತ್ತ 10,000 ಕ್ವಿಂಟಾಲ್. ಕಳೆದ ವರ್ಷದಂತೆ ನೂರಕ್ಕೆ 65 ಬಂದಿದ್ದರೆ 6,500 ಕ್ವಿಂಟಾಲ್ ಅಕ್ಕಿ ಆಗಬೇಕು, ಪುಸ್ತಕದಲ್ಲಿರುವುದು 6,100. ಭತ್ತ ಜೊಳ್ಳಾಗಿತ್ತೋ, ನುಚ್ಚು ಹೆಚ್ಚಾಯಿತೋ, ಅಥವಾ ನಾನೂರು ಕ್ವಿಂಟಾಲ್ ಬಿಲ್ಲಿಲ್ಲದೆ ಹೊರಟಿತೋ? ತೂಕದ ಚೀಟಿ, ಗೇಟ್ ಪಾಸ್, ಕರೆಂಟ್ ಬಿಲ್ ತಾಳೆ ಹಾಕಿದರೇ ಗೊತ್ತಾಗುವುದು. ಅಷ್ಟರಲ್ಲಿ ಇಪ್ಪತ್ತು ಗಂಟೆ ಮುಗಿದಿದೆ. ಚೀಟಿಗಳೋ, ಚೀಲದಲ್ಲಿ ತುಂಬಿಟ್ಟಿವೆ.

ಇಲ್ಲೇ ಅಡ್ಡದಾರಿ ಕೈಬೀಸಿ ಕರೆಯುವುದು. ನೋಡದ ಬಿಲ್ಲಿಗೂ ಟಿಕ್ ಹಾಕುವುದು, ತಪ್ಪು ಸಿಕ್ಕ ಬಿಲ್ಲನ್ನು ಬಿಟ್ಟು ಬೇರೊಂದನ್ನು ಮಾದರಿಗೆ ಸೇರಿಸುವುದು, ಮನೆಯಲ್ಲಿ ಕೂತು ಮಾಡಿದ ಕೆಲಸವನ್ನು ಟೈಮ್‌ಶೀಟಿನಲ್ಲಿ ಬರೆಯದಿರುವುದು. ಕೊನೆಯದು ಪ್ರಾಮಾಣಿಕ ಹುಡುಗರೇ ಮಾಡುವ ತಪ್ಪು. ಅದರಿಂದ ಮುಂದಿನ ವರ್ಷದ ಅಂದಾಜೂ ಸುಳ್ಳಾಗುತ್ತದೆ. ಟೈಮ್‌ಶೀಟ್ ಪ್ರತಿ ವಿಭಾಗದಲ್ಲೂ ಬಜೆಟ್ಟಿಗೆ ಕರಾರುವಾಕ್ಕಾಗಿ ಹೊಂದಿಕೊಂಡರೆ ಹಿರಿಯರು ಸಂತೋಷಪಡುವ ಬದಲು ಕಡತ ತೆರೆದು ನೋಡಬೇಕು.

ಸರಿಯಾದ ದಾರಿಯೆಂದರೆ ಹೆಚ್ಚಾದ ಗಂಟೆಗಳನ್ನು ಕಾರಣದ ಪ್ರಕಾರ ಬೇರ್ಪಡಿಸುವುದು. ಹೆಚ್ಚುವರಿ 18 ಗಂಟೆಯಲ್ಲಿ ಹುಡುಗರದು 12, ಸಿಎದು 5, ಆಡಿಟರದು 1. ಒಟ್ಟು 11,100 ರೂಪಾಯಿ. ಹುಡುಗರ 8 ಗಂಟೆ ಹೋದದ್ದು ಚೀಟಿ ಜೋಡಿಸುವುದಕ್ಕೆ. ದಾಖಲೆ ಸಿದ್ಧವಿರಬೇಕು, ಇಲ್ಲದಿದ್ದರೆ ಹೆಚ್ಚುವರಿ ಶುಲ್ಕ ಎಂದು ಎಂಗೇಜ್‌ಮೆಂಟ್ ಲೆಟರಿನಲ್ಲಿ ಮೊದಲೇ ಬರೆದಿದ್ದರೆ ಆ 2,400 ಕೇಳಲು ಸಂಕೋಚವಿಲ್ಲ. ಕೇಳಬೇಕಾದದ್ದು ಮಾತ್ರ ಚೀಲ ಬಿಚ್ಚುವ ಮೊದಲು, ವರದಿ ಕೊಟ್ಟ ಮೇಲಲ್ಲ. ಚೀಟಿ ಜೋಡಿಸುವುದು ಗಿರಣಿಯ ಗುಮಾಸ್ತರಿಂದಲೂ ಆಗುವ ಕೆಲಸ. ತಾಳೆ ನೋಡುವುದು ಆಡಿಟರದೇ. ಹೊಸ ಹುಡುಗನಿಗೆ ಕಲಿಸಲು ಹೋದ ಸಮಯ ಕಚೇರಿಯ ಖರ್ಚು. ನಾನೂರು ಕ್ವಿಂಟಾಲ್ ಹುಡುಕಲು ಹೋದದ್ದನ್ನು ನಿರ್ದೇಶಕರ ಮುಂದಿಡಬಹುದು, ಆದರೆ ಅವರು ಒಪ್ಪದಿದ್ದರೂ ಕೆಲಸ ನಿಲ್ಲುವಂತಿಲ್ಲ. 2013ರ ಕಂಪನಿ ಕಾಯ್ದೆಯ 143ನೇ ಕಲಂ ಆಡಿಟಿಂಗ್ ಮಾನದಂಡ ಪಾಲಿಸಬೇಕೆನ್ನುತ್ತದೆ. ಶುಲ್ಕ ಕಡಿಮೆಯೆಂಬ ರಿಯಾಯಿತಿ ಅದರಲ್ಲಿಲ್ಲ.

142ನೇ ಕಲಂ ಪ್ರಕಾರ ಶುಲ್ಕ ನಿಗದಿಯಾಗುವುದು ಸಾಮಾನ್ಯ ಸಭೆಯಲ್ಲಿ, ಇಲ್ಲವೇ ಸಭೆ ಸೂಚಿಸಿದ ರೀತಿಯಲ್ಲಿ. ಆದ್ದರಿಂದ ಫೋನಿನಲ್ಲಿ ಮಾಲೀಕರು "ಆಯ್ತು ಬಿಡಿ ಸಾರ್, ನೋಡೋಣ" ಅಂದದ್ದನ್ನು ನೆಚ್ಚಿಕೊಳ್ಳದೆ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಮುಂದಿನ ವರ್ಷದ ದಾಸ್ತಾನಿಗೆ 20ರ ಬದಲು 30 ಗಂಟೆ ಎಂದು ಈಗಲೇ ಕಡತದಲ್ಲಿ ಗುರುತು ಹಾಕಿಡಬೇಕು.