ಮಾನ್‌ಹೈಮ್‌ನ ಹುಡುಗಿಯರು ಮಾತಾಡಿದ್ದು ಯಾವ ಭಾಷೆ?

1970ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಬವೇರಿಯಾ ರಾಜ್ಯದ ಶಾಲೆಗಳಲ್ಲಿ ಟರ್ಕಿಯಿಂದ ಬಂದ ಕಾರ್ಮಿಕರ ಮಕ್ಕಳಿಗೆಂದೇ ಬೇರೆ ತರಗತಿಗಳಿದ್ದವು. ಪಾಠ ಬಹುಪಾಲು ಟರ್ಕಿಶ್‌ನಲ್ಲಿ ನಡೆಯುತ್ತಿತ್ತು. ಪರದೇಶದ ಸರ್ಕಾರವೊಂದು ಮಕ್ಕಳ ತಾಯ್ನುಡಿಯನ್ನು ಇಷ್ಟು ಗೌರವಿಸಿತಲ್ಲ ಅನ್ನಿಸಬಹುದು. ಆದರೆ ಅದರ ಹಿಂದಿನ ಲೆಕ್ಕಾಚಾರವೇ ಬೇರೆ. ಈ ಮಕ್ಕಳು ಇಂದಲ್ಲ ನಾಳೆ ಅಪ್ಪ ಅಮ್ಮನ ಜೊತೆ ಊರಿಗೆ ಹೊರಡುವವರು, ಹೋದ ಮೇಲೆ ಅಲ್ಲಿನ ಶಾಲೆಗೆ ಒಗ್ಗಿಕೊಳ್ಳಲಿ ಎಂಬುದು ಅಧಿಕಾರಿಗಳ ಉದ್ದೇಶ. ದೇಶದ ಬೇರೆ ಕಡೆಗಳಲ್ಲಿ ಇಂಥವೇ ಮಕ್ಕಳನ್ನು ಜರ್ಮನ್ ತರಗತಿಗೆ ದಾಟಿಸಲೆಂದು ಪೂರ್ವಸಿದ್ಧತಾ ತರಗತಿಗಳೂ ನಡೆಯುತ್ತಿದ್ದವು. ಇವರು ಇಲ್ಲೇ ಉಳಿಯುವವರೋ ಹೋಗುವವರೋ ಎಂಬುದನ್ನು ತೀರ್ಮಾನಿಸದ ದೇಶವೊಂದು, ಎರಡಕ್ಕೂ ಇರಲಿ ಎಂದು ಏಳೆಂಟು ವರ್ಷದ ಮಕ್ಕಳನ್ನು ತಯಾರು ಮಾಡುತ್ತಿತ್ತು.

ವಲಸೆ ಬಂದವರ ಮಕ್ಕಳ ಭಾಷೆ ಮತ್ತು ಗುರುತಿನ ಮಾತು ಬಂದಾಗ ಸಮಾಜಶಾಸ್ತ್ರಜ್ಞರು ಮತ್ತೆ ಮತ್ತೆ ಜರ್ಮನಿಯ ಟರ್ಕಿ ಮೂಲದವರ ಉದಾಹರಣೆಗೆ ಹೋಗುತ್ತಾರೆ. ಅದಕ್ಕೆ ಕಾರಣವಿದೆ. ಮನೆ, ಶಾಲೆ, ಕಾನೂನು ಮೂರೂ ಸೇರಿ ಒಂದು ತಲೆಮಾರನ್ನು ಹೇಗೆ ರೂಪಿಸುತ್ತವೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿದೆ.

1961ರ ಅಕ್ಟೋಬರ್ 30ರಂದು ಎರಡೂ ದೇಶಗಳ ನಡುವೆ ಕಾರ್ಮಿಕರ ಒಪ್ಪಂದವಾಯಿತು. ಇಸ್ತಾಂಬುಲ್‌ನಲ್ಲಿ ವೈದ್ಯಕೀಯ ತಪಾಸಣೆ, ಅಲ್ಲಿಂದ ರೈಲಿನಲ್ಲಿ ಮ್ಯೂನಿಕ್, ಮ್ಯೂನಿಕ್‌ನಿಂದ ಕಾರ್ಖಾನೆ ಮತ್ತು ಗಣಿಗಳಿಗೆ. ಬಂದವರನ್ನು ಕರೆದದ್ದು 'ಗಾಸ್ಟ್‌ಆರ್ಬೈಟರ್', ಅತಿಥಿ ಕಾರ್ಮಿಕರು ಎಂದು. ಎರಡು ವರ್ಷ ದುಡಿದು ಹೋಗಬೇಕೆಂಬ ಮಿತಿ ಮೊದಲಿಗೆ ಇತ್ತು. ಪಳಗಿದ ಕೆಲಸಗಾರರನ್ನು ಕಳಿಸಿ ಹೊಸಬರಿಗೆ ಕಲಿಸುವುದು ಮಾಲೀಕರಿಗೂ ಬೇಡವಾಗಿತ್ತು. 1964ರಲ್ಲಿ ಆ ಮಿತಿಯನ್ನು ತೆಗೆದರು.

1973ರ ನವೆಂಬರ್‌ನಲ್ಲಿ, ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ, ಜರ್ಮನಿ ನೇಮಕಾತಿಯನ್ನೇ ನಿಲ್ಲಿಸಿತು. ಆಗ ಅಲ್ಲಿದ್ದ ಟರ್ಕಿಯವರು ಸುಮಾರು 9 ಲಕ್ಷ. ಬಾಗಿಲು ಮುಚ್ಚಿದರೆ ಈ ಸಂಖ್ಯೆ ಇಳಿಯಬೇಕಿತ್ತು, ಆದರೆ 1980ರ ಹೊತ್ತಿಗೆ ಅದು 14 ಲಕ್ಷ ದಾಟಿತು. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲು ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಕೆಲಸಗಾರರು ಹೋಗುವುದನ್ನೇ ಬಿಟ್ಟು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1975ರಿಂದ ಮಕ್ಕಳ ಭತ್ಯೆಯ ನಿಯಮವೂ ಬದಲಾಯಿತು. ಮಗು ಜರ್ಮನಿಯಲ್ಲಿದ್ದರೆ ಪೂರ್ತಿ ಹಣ, ಟರ್ಕಿಯಲ್ಲಿದ್ದರೆ ಕಡಿಮೆ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಎಷ್ಟೋ ಮಕ್ಕಳು ರೈಲು ಹತ್ತಿದರು. ಹೀಗೆ ಅಲ್ಲಿಗೂ ಇಲ್ಲಿಗೂ ಓಡಾಡುತ್ತ ಬೆಳೆದವರಿಗೆ ಜರ್ಮನಿಯಲ್ಲಿ 'ಸೂಟ್‌ಕೇಸ್ ಮಕ್ಕಳು' ಎಂಬ ಹೆಸರೇ ಬಿತ್ತು.

ಈ ಮಕ್ಕಳ ಮಾತು ಕೇಳಿದ ಶಿಕ್ಷಕರಿಗೆ ಗಾಬರಿಯಾಯಿತು. ಒಂದೇ ವಾಕ್ಯದಲ್ಲಿ ಎರಡು ಭಾಷೆ. ಇವರಿಗೆ ಯಾವುದೂ ಪೂರ್ತಿ ಬಾರದು, ಇವರು ಅರ್ಧ ಭಾಷೆಯವರು ಎಂಬ ತೀರ್ಪು ಆ ಕಾಲದಲ್ಲಿ ಶಾಲೆಗಳಲ್ಲೂ ಪತ್ರಿಕೆಗಳಲ್ಲೂ ಸಾಮಾನ್ಯವಾಗಿತ್ತು. ಭಾಷಾ ವಿಜ್ಞಾನಿಗಳು ಕೂತು ಆ ಮಾತುಗಳನ್ನು ಧ್ವನಿಮುದ್ರಿಸಿ ನೋಡಿದಾಗ ಕಂಡದ್ದೇ ಬೇರೆ. ಉದಾಹರಣೆಗೆ, ಕೆಲಸದಿಂದ ತೆಗೆಯುವುದಕ್ಕೆ ಅಥವಾ ಕೆಲಸ ಬಿಡುವುದಕ್ಕೆ ಜರ್ಮನ್‌ನಲ್ಲಿ 'ಕುಂಡಿಗನ್' ಎನ್ನುತ್ತಾರೆ. ಈ ಮಕ್ಕಳು ಆ ಕ್ರಿಯಾಪದದ ಮೂಲ ರೂಪವನ್ನು ಹಾಗೇ ಎತ್ತಿಕೊಂಡು, 'ಮಾಡು' ಎಂಬರ್ಥದ ಟರ್ಕಿಶ್‌ನ 'ಯಪ್ಮಕ್' ಅನ್ನು ಅದರ ಹಿಂದೆ ಸೇರಿಸುತ್ತಿದ್ದರು. ಕಾಲ, ಪುರುಷ, ವಚನದ ಪ್ರತ್ಯಯಗಳೆಲ್ಲ 'ಯಪ್ಮಕ್' ಮೇಲೆಯೇ ಕೂರುತ್ತವೆ. ಕನ್ನಡಿಗರು 'ಕ್ಯಾನ್ಸಲ್ ಮಾಡಿದ', 'ಟ್ರೈ ಮಾಡ್ತೀವಿ' ಅನ್ನುವುದು ಇದೇ ಕ್ರಮದಲ್ಲಿ. ಎಲ್ಲಿಂದ ಪದ ತರಬೇಕು, ಎಲ್ಲಿಗೆ ಪ್ರತ್ಯಯ ಅಂಟಿಸಬೇಕು ಎಂಬುದರಲ್ಲಿ ಆ ಮಕ್ಕಳು ತಪ್ಪುತ್ತಲೇ ಇರಲಿಲ್ಲ. ಎರಡೂ ಭಾಷೆಯ ವ್ಯಾಕರಣ ತಲೆಯಲ್ಲಿ ಗಟ್ಟಿಯಾಗಿ ಇಲ್ಲದವರಿಗೆ ಇದು ಸಾಧ್ಯವಿಲ್ಲ.

ಈ ಬೆರಕೆ ಮಾತು ಬದುಕಿನಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸಿದವರು ಇಂಕನ್ ಕೈಮ್. ಮಾನ್‌ಹೈಮ್ ನಗರದಲ್ಲಿರುವ ಜರ್ಮನ್ ಭಾಷಾ ಸಂಸ್ಥೆಯ ಈ ವಿದ್ವಾಂಸೆ, ಅದೇ ನಗರದ ವಲಸಿಗರ ಬಡಾವಣೆಯೊಂದರಲ್ಲಿ ಹುಡುಗಿಯರ ಗುಂಪೊಂದನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಗುಂಪು ತನಗೆ ತಾನೇ ಇಟ್ಟುಕೊಂಡಿದ್ದ ಹೆಸರು 'ಟರ್ಕಿಶ್ ಪವರ್‌ಗರ್ಲ್ಸ್'. ಅಧ್ಯಯನ 2007ರಲ್ಲಿ ಪುಸ್ತಕವಾಗಿ ಬಂತು.

ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಕೂಡಲೇ, ಅಂದರೆ ಮಗುವಿಗೆ ಹತ್ತು ವರ್ಷವಾಗುವಷ್ಟರಲ್ಲಿ, ಮುಂದಿನ ದಾರಿ ಕವಲೊಡೆಯುತ್ತದೆ. ವಿಶ್ವವಿದ್ಯಾಲಯಕ್ಕೆ ಹೋಗುವವರು ಗಿಮ್ನಾಸಿಯುಮ್ ಎಂಬ ಶಾಲೆಗೆ, ಕೈಕೆಲಸಕ್ಕೆ ಹೋಗುವವರು ಆಗ ಹೌಪ್ಟ್‌ಶೂಲೆಗೆ. ಆ ಬಡಾವಣೆಯ ಮಕ್ಕಳಲ್ಲಿ ಹೆಚ್ಚಿನವರು ಎರಡನೆಯದಕ್ಕೇ ಹೋಗುತ್ತಿದ್ದರು. ಗಿಮ್ನಾಸಿಯುಮ್ ಮುಟ್ಟಿದ ಕೆಲವರಿಗೆ ಅಲ್ಲಿ ಕಾದಿದ್ದದ್ದು ಬೇರೆಯೇ ಕಷ್ಟ. ಓಣಿಯಲ್ಲಿ ಎಲ್ಲರಂತೆ ಇದ್ದ ಹುಡುಗಿ ಆ ತರಗತಿಯಲ್ಲಿ ಇದ್ದಕ್ಕಿದ್ದಂತೆ 'ಟರ್ಕಿಯವಳು' ಆಗಿಬಿಡುತ್ತಿದ್ದಳು. ಶಿಕ್ಷಕರ ಪ್ರಶ್ನೆಗಳಲ್ಲೂ ಸಹಪಾಠಿಗಳ ಕುತೂಹಲದಲ್ಲೂ ಅವಳು ಒಂದು ದೇಶದ ಪ್ರತಿನಿಧಿ. ಇತ್ತ ಮನೆಯಲ್ಲಿ, ಮೆಲ್ಲಗೆ ಮಾತಾಡಬೇಕು, ಹಿರಿಯರೆದುರು ತಲೆ ತಗ್ಗಿಸಿರಬೇಕು, ಮರ್ಯಾದೆ ಕಾಯಬೇಕು ಎಂಬ ಒಳ್ಳೆಯ ಟರ್ಕಿ ಹುಡುಗಿಯ ಮಾದರಿ.

ಪವರ್‌ಗರ್ಲ್ಸ್ ಈ ಎರಡನ್ನೂ ಬೇಡವೆಂದರು. ಅವರ ಮಾತು ಜೋರು, ಬೇಕೆಂದೇ ಒರಟು. ತಮ್ಮತಮ್ಮಲ್ಲಿ ಮಾತಾಡುವಾಗ ಜರ್ಮನ್-ಟರ್ಕಿಶ್ ಬೆರಕೆಯೇ ಅವರ ಸಹಜ ಭಾಷೆ. ತಂದೆ ತಾಯಿಯ ತಲೆಮಾರಿನ ಮುರುಕು ಜರ್ಮನ್ ಅನ್ನು ಅಣಕಿಸಿ ನಗುವುದೂ ಗೊತ್ತು, ಮಾನ್‌ಹೈಮ್‌ನ ಸ್ಥಳೀಯ ಉಪಭಾಷೆಯನ್ನು ಥಟ್ಟನೆ ಬಾಯಿಗೆ ತಂದುಕೊಳ್ಳುವುದೂ ಗೊತ್ತು. ಕೈಮ್ ಗಮನಿಸಿದ ಮುಖ್ಯ ಸಂಗತಿ ಇದು: ಅಮ್ಮನ ಜೊತೆ ಟರ್ಕಿಶ್, ಶಿಕ್ಷಕರೆದುರು ಅಚ್ಚುಕಟ್ಟಾದ ಜರ್ಮನ್, ಗೆಳತಿಯರ ನಡುವೆ ಬೆರಕೆ. ಯಾರೆದುರು ಯಾವುದು ಎಂಬ ಆಯ್ಕೆ ಅವರ ಕೈಯಲ್ಲೇ ಇತ್ತು. ಬೆರಕೆ ಮಾತನ್ನು ಅವರು ಹೊರಗಿನವರ ಮುಂದೆ ಆಡುತ್ತಿರಲಿಲ್ಲವಾದ್ದರಿಂದ, ಅದು ಕೇಳಿಸಿದಲ್ಲೆಲ್ಲ ಅವರು ನಿರಾಳವಾಗಿದ್ದರು ಎಂದೇ ಅರ್ಥ.

ಮತ್ತು ಅದು ನಿಂತ ನೀರಾಗಿರಲಿಲ್ಲ. ಹುಡುಗಿಯರು ಬೆಳೆದು ವಿಶ್ವವಿದ್ಯಾಲಯದ ಕಡೆ ಹೊರಟಂತೆ ಒರಟು ಮಾತು ಕಳಚಿಬಿತ್ತು, ಜರ್ಮನ್‌ನಲ್ಲೇ ಸಾಗುವ ಮಾತುಕತೆ ಉದ್ದವಾಯಿತು. ಯಾರೂ ತಿದ್ದಲಿಲ್ಲ. ಎದುರಿಸಿ ನಿಲ್ಲಬೇಕಾದ ಕಾಲ ಕಳೆದಿತ್ತು, ಮುಂದಿನ ಬಾಗಿಲು ತೆರೆದಿತ್ತು. ಬಾಗಿಲು ತೆರೆಯದ ಮಕ್ಕಳಿಗೆ ಆ ಒರಟು ಮಾತು ಬಿಡಲು ಕಾರಣವೇ ಇರುವುದಿಲ್ಲ. ಮಗು ಎರಡು ಭಾಷೆ ಬೆರೆಸಿತೆಂದು ಚಿಂತಿಸುವ ಶಾಲೆ ಮೊದಲು ಚಿಂತಿಸಬೇಕಾದದ್ದು ಹತ್ತನೇ ವಯಸ್ಸಿನಲ್ಲಿ ತಾನು ಮಾಡುವ ವಿಂಗಡಣೆಯ ಬಗ್ಗೆ.

ಟರ್ಕಿಶ್ ಮಾತ್ರ ಬೇರೆ ವಲಸಿಗರ ಭಾಷೆಗಳಷ್ಟು ಬೇಗ ಕರಗಲಿಲ್ಲ. ಮದುವೆಗೆ ಊರಿನಿಂದ ಹೆಣ್ಣು ಗಂಡು ತರುವ ರೂಢಿಯಿಂದ ಮನೆಗೆ ಹೊಸ ಟರ್ಕಿಶ್ ಬರುತ್ತಲೇ ಇತ್ತು. 1990ರ ದಶಕದ ಆರಂಭದಿಂದ ಬಾಲ್ಕನಿಗಳಲ್ಲಿ ಡಿಶ್ ಆಂಟೆನಾಗಳು ಎದ್ದವು. ಕಟ್ಟಡದ ಅಂದ ಕೆಡುತ್ತದೆಂದು ಮನೆ ಮಾಲೀಕರು ತಕರಾರು ತೆಗೆದಾಗ ಟರ್ಕಿ ಮೂಲದ ಬಾಡಿಗೆದಾರರೊಬ್ಬರ ಪ್ರಕರಣ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 1994ರ ಫೆಬ್ರವರಿಯಲ್ಲಿ ನ್ಯಾಯಾಲಯ ಬಾಡಿಗೆದಾರರ ಪರ ನಿಂತಿತು. ತಮ್ಮ ನಾಡಿನ ಸುದ್ದಿ, ಭಾಷೆಯ ಸಂಪರ್ಕ ಇಟ್ಟುಕೊಳ್ಳುವುದು ಮಾಹಿತಿ ಪಡೆಯುವ ಹಕ್ಕಿನ ಭಾಗ ಎಂದು ಅದು ಪರಿಗಣಿಸಿತು.

ಊರಿಗೆ ಮರಳಿದವರ ಕಥೆ ಇನ್ನೂ ಕಠಿಣ. 1983ರ ಕೊನೆಯಲ್ಲಿ ಜರ್ಮನ್ ಸರ್ಕಾರ, ಕೆಲಸ ಕಳೆದುಕೊಂಡು ಕುಟುಂಬ ಸಮೇತ ಹೋಗುವವರಿಗೆ 10,500 ಮಾರ್ಕ್, ಜೊತೆಗೆ ಪ್ರತಿ ಮಗುವಿಗೆ 1,500 ಮಾರ್ಕ್ ಘೋಷಿಸಿತು. ಲಕ್ಷಾಂತರ ಜನ ಹೊರಟರು. ಅಪ್ಪನಿಗೆ ಅದು ಮರಳುವಿಕೆ, ಡ್ಯೂಸ್‌ಬುರ್ಗ್‌ನಲ್ಲೋ ಕಲೋನ್‌ನಲ್ಲೋ ಹುಟ್ಟಿದ ಮಗಳಿಗೆ ಅದು ವಲಸೆ. ಸಾಲಾಗಿ ನಿಂತು ಪ್ರತಿಜ್ಞೆ ಹೇಳುವ, ಶಿಸ್ತಿನ ಟರ್ಕಿ ಶಾಲೆಯಲ್ಲಿ ಅವಳ ಮನೆಮಾತಿನ ಟರ್ಕಿಶ್ ಪಠ್ಯಪುಸ್ತಕಕ್ಕೆ ಸಾಲುತ್ತಿರಲಿಲ್ಲ. ಅಲ್ಲಿ ಅವಳಿಗೆ ಬಿದ್ದ ಹೆಸರು 'ಅಲ್ಮಾಂಜಿ', ಜರ್ಮನಿಯವಳು. ಟರ್ಕಿ ಸರ್ಕಾರ ಇಂಥವರಿಗಾಗಿ ಹೊಂದಾಣಿಕೆ ತರಗತಿಗಳನ್ನೂ ಜರ್ಮನ್‌ನಲ್ಲಿ ಕಲಿಸುವ ಪ್ರೌಢಶಾಲೆಗಳನ್ನೂ ತೆರೆಯಬೇಕಾಯಿತು. ಮುಂದೆ ಇಸ್ತಾಂಬುಲ್‌ನಲ್ಲಿ ಜರ್ಮನ್ ಗ್ರಾಹಕರಿಗೆ ಉತ್ತರಿಸುವ ಕಾಲ್‌ಸೆಂಟರ್‌ಗಳು ಬಂದಾಗ ಅಲ್ಲಿ ಕೆಲಸ ಸಿಕ್ಕಿದ್ದೂ ಇಂಥವರಿಗೇ.

ಇನ್ನು ಕಾಗದಪತ್ರ. ಜರ್ಮನಿಯಲ್ಲಿ ಹುಟ್ಟಿದ ವಲಸಿಗರ ಮಕ್ಕಳಿಗೆ, ಕೆಲವು ಷರತ್ತುಗಳ ಮೇಲೆ, ಹುಟ್ಟಿನಿಂದಲೇ ಪೌರತ್ವ ಸಿಗುವಂತಾದದ್ದು 2000ದ ಜನವರಿ 1ರಿಂದ. ಅದುವರೆಗೆ 1913ರ ಕಾನೂನಿನಂತೆ ರಕ್ತಸಂಬಂಧವೇ ಆಧಾರ. ಹೊಸ ಸರ್ಕಾರ ಇಬ್ಬಗೆಯ ಪೌರತ್ವ ಕೊಡಲು ಹೊರಟಿತ್ತು. ವಿರೋಧ ಪಕ್ಷ 1999ರಲ್ಲಿ ಹೆಸ್ಸೆ ರಾಜ್ಯದಲ್ಲಿ ಸಹಿ ಸಂಗ್ರಹ ನಡೆಸಿ ಚುನಾವಣೆಯನ್ನೇ ಗೆದ್ದಾಗ ರಾಜಿಯಾಯಿತು: ಮಗುವಿಗೆ ಎರಡೂ ಸಿಗಲಿ, 18ರಿಂದ 23ರೊಳಗೆ ಒಂದನ್ನು ಬಿಡಲಿ. ಟರ್ಕಿ ಇದಕ್ಕೆ ತನ್ನದೇ ದಾರಿ ಹುಡುಕಿತ್ತು. ತನ್ನ ಪೌರತ್ವ ಬಿಟ್ಟವರಿಗೆ 1995ರಿಂದಲೇ ಒಂದು ಕಾರ್ಡ್ ಕೊಡತೊಡಗಿತ್ತು. ಮೊದಲು ಗುಲಾಬಿ ಬಣ್ಣದ್ದು, ಆಮೇಲೆ ನೀಲಿ. ಅದಿದ್ದರೆ ಟರ್ಕಿಯಲ್ಲಿ ಇರಬಹುದು, ದುಡಿಯಬಹುದು, ಆಸ್ತಿ ಪಡೆಯಬಹುದು, ಮತ ಹಾಕುವಂತಿಲ್ಲ. 2014ರಲ್ಲಿ ಜರ್ಮನಿಯಲ್ಲೇ ಬೆಳೆದ ಮಕ್ಕಳಿಗೆ ಆಯ್ಕೆಯ ಒತ್ತಾಯ ತಪ್ಪಿತು. 2024ರ ಜೂನ್ 27ರಿಂದ ಎರಡು ಪೌರತ್ವಕ್ಕೆ ಎಲ್ಲರಿಗೂ ಅವಕಾಶವಿದೆ. ಅಷ್ಟರಲ್ಲಿ ಮೊದಲ ಒಪ್ಪಂದವಾಗಿ 62 ವರ್ಷ ಕಳೆದಿತ್ತು.

ಮ್ಯೂನಿಕ್, ಫ್ರಾಂಕ್‌ಫರ್ಟ್‌ಗಳ ಸಾಫ್ಟ್‌ವೇರ್ ಮತ್ತು ಕಾರು ಕಂಪನಿಗಳಲ್ಲಿರುವ ಕನ್ನಡಿಗರ ಮಕ್ಕಳೂ ಈಗ ಇದೇ ಶಾಲೆಗಳ ನಾಲ್ಕನೇ ತರಗತಿ ಮುಟ್ಟುತ್ತಿದ್ದಾರೆ. ತಂದೆ ಅಥವಾ ತಾಯಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿ ಕಾಯಂ ವಾಸದ ಹಕ್ಕು ಪಡೆದಿದ್ದರೆ, ಅಲ್ಲಿ ಹುಟ್ಟುವ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ. ಜರ್ಮನಿ ಈಗ ಆ ಮಗುವನ್ನು ಒಂದನ್ನು ಆರಿಸಿಕೋ ಎಂದು ಕೇಳುವುದಿಲ್ಲ. ಕೇಳುವುದು ಭಾರತದ ಪೌರತ್ವ ಕಾಯ್ದೆ. ಎರಡೂ ಪೌರತ್ವ ಇರುವ ಮಗು ವಯಸ್ಕನಾದ ಆರು ತಿಂಗಳೊಳಗೆ ಇನ್ನೊಂದು ದೇಶದ್ದನ್ನು ಬಿಡದಿದ್ದರೆ ಭಾರತದ ಪೌರತ್ವ ತಾನಾಗಿ ಹೋಗುತ್ತದೆ. ಆಮೇಲೆ ಉಳಿಯುವುದು ಒಸಿಐ ಕಾರ್ಡ್: ಬರಬಹುದು, ಇರಬಹುದು, ದುಡಿಯಬಹುದು, ಆದರೆ ಮತದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.