‘ಮಾಹಿತಿ’ ಅಂತಷ್ಟೇ ಬರೆದರೆ ಸಾಕೇ?

ಶಾಲೆಯ ಅಡ್ಮಿಷನ್ ನಂಬರಿಗೆ ನೀವು ‘ಮಾಹಿತಿ’ ಅಂತ ಒಂದೇ ಪದ ಕಳಿಸಿದರೆ, ಕೌಂಟರಿನಲ್ಲಿ ಕೂತವರಿಗೆ ನಿಮಗೆ ಬೇಕಿರುವುದು ಫೀಸಿನ ವಿವರವೋ, ಸೀಟೋ, ವ್ಯಾನೋ ತಿಳಿಯದು. ಅವರು ತಿರುಗಿ ಮೊದಲು ಕೇಳುವುದು ಮಗುವಿನ ಜನ್ಮದಿನಾಂಕ. ಏಕೆಂದರೆ ಕರ್ನಾಟಕದಲ್ಲಿ ಒಂದನೇ ತರಗತಿಗೆ ವಯಸ್ಸಿನ ಲೆಕ್ಕ ಹಾಕುವುದು ಜೂನ್ 1ಕ್ಕೆ. 2020ರ ಜೂನ್ 12ರಂದು ಹುಟ್ಟಿದ ಮಗುವಿಗೆ 2026ರ ಜೂನ್ 1ಕ್ಕೆ ಆರು ತುಂಬಲು ಇನ್ನೂ 11 ದಿನ ಬೇಕು. ಒಂದನೇ ತರಗತಿಯೋ, ಯುಕೆಜಿಯೋ ಎಂಬ ಪ್ರಶ್ನೆ ಏಳುವುದೇ ಇಲ್ಲಿ. ಹಾಗಾಗಿ ಹೀಗೆ ಬರೆಯಿರಿ: ‘ಮಗಳು ಹುಟ್ಟಿದ್ದು 12-6-2020. ಒಂದನೇ ತರಗತಿಗೆ ತಗೋತೀರಾ? ಸೀಟಿದೆಯಾ? ವರ್ಷದ ಒಟ್ಟು ಫೀಸೆಷ್ಟು? ವಿಜಯನಗರಕ್ಕೆ ವ್ಯಾನ್ ಬರುತ್ತಾ?’ ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ, ಫೀಸು ಕಟ್ಟುವಾಗ ಅದು ಕೈಯಲ್ಲಿರಲಿ.