ಒಂದು ಆರ್ಡರ್, ಎಪ್ಪತ್ತೆರಡು ತುಣುಕು

ಷೇರು ವಹಿವಾಟಿನ ಆ್ಯಪ್‌ನಲ್ಲಿ ಒಂದು ಕಂಪನಿಯ ಹೆಸರನ್ನು ಒತ್ತಿದರೆ ಐದೈದು ಸಾಲುಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಒಂದು ಬದಿಯಲ್ಲಿ ಕೊಳ್ಳಲು ಕಾದವರ ಐದು ಉತ್ತಮ ದರಗಳು, ಇನ್ನೊಂದು ಬದಿಯಲ್ಲಿ ಮಾರಲು ಕಾದವರ ಐದು ದರಗಳು. ಪ್ರತಿ ದರದ ಪಕ್ಕದಲ್ಲಿ ಎಷ್ಟು ಷೇರುಗಳಿವೆ ಎಂಬ ಲೆಕ್ಕವೂ ಇರುತ್ತದೆ. ಪೇಟೆಯವರು ಇದನ್ನು ಮಾರ್ಕೆಟ್ ಡೆಪ್ತ್ ಎನ್ನುತ್ತಾರೆ. ಐವತ್ತು ಷೇರು ಕೊಳ್ಳುವವರು ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ನೋಡುವ ಅಗತ್ಯವೂ ಇಲ್ಲ. ದೊಡ್ಡ ಗಿರಾಕಿಯ ಸಂಕಟವೆಲ್ಲ ಇರುವುದು ಆ ಪಟ್ಟಿಯಲ್ಲೇ.

ಒಂದು ಮ್ಯೂಚುವಲ್ ಫಂಡ್ 500 ರೂಪಾಯಿಯ ಆಸುಪಾಸಿನಲ್ಲಿರುವ ಮಧ್ಯಮ ಗಾತ್ರದ ಕಂಪನಿಯ 90,000 ಷೇರುಗಳನ್ನು ಕೊಳ್ಳಬೇಕಾಗಿದೆ ಎಂದುಕೊಳ್ಳಿ. ಮೊತ್ತ ನಾಲ್ಕೂವರೆ ಕೋಟಿ. ಮಾರುವ ಬದಿಯ ಐದು ಸಾಲುಗಳನ್ನು ಕೂಡಿಸಿದರೂ ಸಿಗುವುದು ನಾಲ್ಕು ಸಾವಿರ ಷೇರು. ಇಡೀ ಆರ್ಡರನ್ನು ಒಂದೇ ಏಟಿಗೆ ಒತ್ತಿದರೆ ಅದು ಆ ಐದು ಸಾಲುಗಳನ್ನು ನುಂಗಿ, ಅವುಗಳ ಹಿಂದಿನ ದುಬಾರಿ ಸಾಲುಗಳನ್ನೂ ನುಂಗುತ್ತ ದರವನ್ನು ತಾನೇ ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಹೀಗೆ ನಮ್ಮ ಖರೀದಿಯೇ ನಮಗೆ ತರುವ ಹೆಚ್ಚುವರಿ ಹೊರೆಗೆ ಇಂಪ್ಯಾಕ್ಟ್ ಕಾಸ್ಟ್ ಎಂದು ಹೆಸರು. ಅದು ಫಂಡ್ ಮ್ಯಾನೇಜರ್‌ನ ಜೇಬಿನಿಂದ ಹೋಗುವ ಹಣವಲ್ಲ. ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರ ಯೂನಿಟ್ ಬೆಲೆಯಲ್ಲಿ ಸದ್ದಿಲ್ಲದೆ ಕಡಿತವಾಗುತ್ತದೆ. ಆದ್ದರಿಂದ ಈ ವಿಷಯ ಡೀಲಿಂಗ್ ರೂಮಿನ ನಾಲ್ಕು ಗೋಡೆಗಳ ಒಳಗಿನದು ಮಾತ್ರ ಎಂದು ನಾನು ಭಾವಿಸುವುದಿಲ್ಲ.

ಆರ್ಡರನ್ನು ತುಂಡು ಮಾಡಿ ದಿನವಿಡೀ ಹರಡುವುದು ಇದಕ್ಕೆ ಪರಿಹಾರ. ಆಗ ಏಳುವ ಪ್ರಶ್ನೆ, ಯಾವ ಹೊತ್ತಿಗೆ ಎಷ್ಟು?

ಅತಿ ಸರಳ ಉತ್ತರ ಗಡಿಯಾರದ್ದು. ನಮ್ಮ ಪೇಟೆ ಬೆಳಿಗ್ಗೆ 9.15ಕ್ಕೆ ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಮೊದಲ ಹದಿನೈದು ನಿಮಿಷದ ಗದ್ದಲವನ್ನು ಬಿಟ್ಟರೆ ಆರು ಗಂಟೆ ಉಳಿಯಿತು. ಐದು ನಿಮಿಷಕ್ಕೊಂದರಂತೆ 72 ತುಣುಕು, ಒಂದೊಂದರಲ್ಲಿ 1,250 ಷೇರು. ಇಷ್ಟೇ ಟ್ವಾಪ್, ಅಂದರೆ ಕಾಲವನ್ನು ಸಮನಾಗಿ ಹಂಚಿ ತೆಗೆದ ಸರಾಸರಿ ದರವನ್ನು ಬೆನ್ನುಹತ್ತುವ ಕ್ರಮ.

ಆದರೆ ಪೇಟೆಯ ವಹಿವಾಟು ಗಡಿಯಾರದಂತೆ ಸಮನಾಗಿ ಹರಿಯುವುದಿಲ್ಲ. ಬೆಳಿಗ್ಗೆ ಜೋರು, ಊಟದ ಹೊತ್ತಿಗೆ ಮಂದ, ಮುಚ್ಚುವ ಹೊತ್ತಿಗೆ ಮತ್ತೆ ಜೋರು. ನಮ್ಮ ಕಂಪನಿಯಲ್ಲಿ ಈ ಆರು ಗಂಟೆಗಳಲ್ಲಿ ಒಟ್ಟು ಒಂಬತ್ತು ಲಕ್ಷ ಷೇರು ಕೈಬದಲಾಗುತ್ತವೆ, ಗಂಟೆವಾರು ಪಾಲು ಶೇ 24, 14, 11, 10, 14 ಮತ್ತು 27 ಎಂದಿಟ್ಟುಕೊಳ್ಳೋಣ. ಟ್ವಾಪ್ ಪ್ರತಿ ಗಂಟೆಗೂ 15,000 ಷೇರು ಕೊಳ್ಳುತ್ತದೆ. ಕೊನೆಯ ಗಂಟೆಯ 2,43,000 ಷೇರುಗಳ ಗದ್ದಲದಲ್ಲಿ ಈ ಹದಿನೈದು ಸಾವಿರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನಾಲ್ಕನೇ ಗಂಟೆಯಲ್ಲಿ ನಡೆಯುವ ವಹಿವಾಟೇ 90,000. ಅಲ್ಲಿ ಪ್ರತಿ ಆರು ಷೇರುಗಳಲ್ಲಿ ಒಂದು ನಮ್ಮದಾಗುತ್ತದೆ. ಪೇಟೆ ನಿದ್ದೆಗಣ್ಣಿನಲ್ಲಿರುವಾಗ ನಾವೊಬ್ಬರೇ ಓಡಾಡಿದರೆ ಗುರುತು ಸಿಕ್ಕೇ ಸಿಗುತ್ತದೆ.

ವಿವಾಪ್ ಈ ತೊಡಕಿಗೆ ಉತ್ತರ. ದಿನದ ಪ್ರತಿ ವ್ಯವಹಾರದ ದರವನ್ನು ಅದರ ಷೇರು ಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಷೇರು ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ ಅದು. ಅದನ್ನು ಹಿಡಿಯಲು ಹೊರಟ ಆರ್ಡರ್ ಪೇಟೆಯ ಏರಿಳಿತದ ಆಕಾರವನ್ನೇ ತಾನೂ ತಾಳುತ್ತದೆ. ಮೊದಲ ಗಂಟೆಗೆ 21,600, ನಾಲ್ಕನೆಯದಕ್ಕೆ 9,000, ಕೊನೆಯದಕ್ಕೆ 24,300. ಯಾವ ಗಂಟೆಯಲ್ಲೂ ನಮ್ಮ ಪಾಲು ಶೇ 10ನ್ನು ದಾಟುವುದಿಲ್ಲ.

ಆ ದಿನದ ಗಂಟೆವಾರು ಸರಾಸರಿ ದರ 502, 500, 498, 497, 499, 505 ರೂಪಾಯಿ ಆಗಿತ್ತೆನ್ನಿ. ಟ್ವಾಪ್ 500.17 ರೂಪಾಯಿ, ವಿವಾಪ್ 501.17. ಹೆಚ್ಚು ಷೇರು ಕೈಬದಲಾದ ಬೆಳಗು ಮತ್ತು ಸಂಜೆಯೇ ದುಬಾರಿಯಾಗಿದ್ದರಿಂದ ಸರಿಯಾಗಿ ಒಂದು ರೂಪಾಯಿ ವ್ಯತ್ಯಾಸ. ಕೊಳ್ಳುವವರಿಗೆ ಅಂದು ಟ್ವಾಪ್ ಅಗ್ಗವಾಗಿ ಕಂಡರೂ ಅದರಲ್ಲಿ ಜಾಣತನವೇನಿಲ್ಲ. ನಡುಹಗಲಿನಲ್ಲಿ ದರ ಏರಿದ್ದರೆ ಲೆಕ್ಕ ತಿರುಗುಮುರುಗಾಗುತ್ತಿತ್ತು. ವಿವಾಪ್ ಪಟ್ಟಿಗೂ ಒಂದು ದುರ್ಬಲ ಕಾಲಿದೆ. ಆ ಶೇಕಡಾವಾರು ಪಾಲು ಕಳೆದ ಹಲವು ದಿನಗಳ ಸರಾಸರಿಯಿಂದ ಬಂದ ಅಂದಾಜು. ರಿಸರ್ವ್ ಬ್ಯಾಂಕ್ ಬೆಳಿಗ್ಗೆ ಹತ್ತಕ್ಕೆ ಬಡ್ಡಿದರ ಪ್ರಕಟಿಸುವ ದಿನ, ಕಂಪನಿ ನಡುಹಗಲಿನಲ್ಲಿ ಫಲಿತಾಂಶ ಕೊಡುವ ದಿನ, ಸೂಚ್ಯಂಕಕ್ಕೆ ಕಂಪನಿಗಳು ಸೇರುವ, ಬಿಡುವ ದಿನ ಆ ಅಂದಾಜು ಕುಸಿದುಬೀಳುತ್ತದೆ.

ಪಟ್ಟಿ ಬರೆಯುವುದು ಸುಲಭ. ಕಷ್ಟವಿರುವುದು ಒಂದು ತುಣುಕು ಪೂರ್ತಿ ತುಂಬದೇ ಹೋದಾಗ ಏನು ಮಾಡಬೇಕೆಂಬುದರಲ್ಲಿ, ಮತ್ತು ಇಂಥ ಪ್ರೋಗ್ರಾಂಗಳು ಎಡವುವುದು ಹೆಚ್ಚಾಗಿ ಅಲ್ಲೇ.

ವಿವಾಪ್ ಪಟ್ಟಿಯ ಮೊದಲ ಗಂಟೆಯಲ್ಲಿ ತುಣುಕಿಗೆ 1,800 ಷೇರು. 9.30ಕ್ಕೆ ಅಷ್ಟನ್ನು ಒಂದು ಲಿಮಿಟ್ ದರಕ್ಕೆ ಇಟ್ಟೆವು. 9.35ರ ಹೊತ್ತಿಗೆ 1,100 ಸಿಕ್ಕಿತು, 700 ಇನ್ನೂ ಸಾಲಿನಲ್ಲಿ ಕಾಯುತ್ತಿದೆ. 9.40ರೊಳಗೆ ಒಟ್ಟು 3,600 ಆಗಬೇಕು. ಸಿಕ್ಕಿದ್ದನ್ನು ಮಾತ್ರ ಕಳೆಯುವ ಪ್ರೋಗ್ರಾಂ 2,500ರ ಹೊಸ ಆರ್ಡರ್ ಕಳಿಸುತ್ತದೆ. ಹಳೆಯ 700 ಕೂಡ ತುಂಬಿದರೆ ಕೈಗೆ ಬರುವುದು 4,300, ಬೇಕಿದ್ದಕ್ಕಿಂತ 700 ಹೆಚ್ಚು. ಆದ್ದರಿಂದ ಗುರಿಯಿಂದ ಸಿಕ್ಕಿದ್ದನ್ನೂ ಕಳೆಯಬೇಕು, ಕಾಯುತ್ತಿರುವುದನ್ನೂ ಕಳೆಯಬೇಕು. ಉಳಿಯುವ 1,800 ಮಾತ್ರ ಹೊಸ ಆರ್ಡರ್. ಹಳೆಯದನ್ನು ರದ್ದು ಮಾಡಿ ಪೂರ್ತಿ 2,500 ಕಳಿಸುವುದಾದರೆ, ರದ್ದಾಯಿತೆಂದು ವಿನಿಮಯ ಕೇಂದ್ರದಿಂದ ಖಚಿತ ಉತ್ತರ ಬರುವವರೆಗೆ ಕಾಯಲೇಬೇಕು. ರದ್ದತಿಯ ಸಂದೇಶ ದಾರಿಯಲ್ಲಿರುವಾಗಲೇ ಆ 700ನ್ನು ಯಾರೋ ಮಾರಿಬಿಟ್ಟಿರಬಹುದು.

ಎರಡನೆಯ ಎಡವು ಬಾಕಿ ತೀರಿಸುವ ಆತುರ. 503 ರೂಪಾಯಿಗಿಂತ ಮೇಲೆ ಕೊಳ್ಳಬಾರದೆಂದು ಫಂಡ್ ಹೇಳಿದೆ. ಎರಡನೇ ಗಂಟೆಯಿಡೀ ದರ ಅದರ ಮೇಲೇ ನಿಂತು 12,600 ಷೇರು ಬಾಕಿಯಾಯಿತು. ಆಮೇಲೆ ದರ ಇಳಿದ ಕ್ಷಣವೇ ಪ್ರೋಗ್ರಾಂ ಆ ಇಡೀ ಬಾಕಿಯನ್ನು ಪೇಟೆಗೆ ಸುರಿದರೆ, ಬೆಳಗಿನಿಂದ ತುಂಡು ಮಾಡಿದ್ದೆಲ್ಲ ವ್ಯರ್ಥ. ಇದನ್ನು ತಡೆಯಲು ಮಿತಿಯೊಂದು ಬೇಕು, ಉದಾಹರಣೆಗೆ ಯಾವ ಗಂಟೆಯಲ್ಲೂ ಪೇಟೆಯ ವಹಿವಾಟಿನ ಶೇ 20ನ್ನು ಮೀರಬಾರದೆಂದು. ಮೂರನೇ ಗಂಟೆಯ ವಹಿವಾಟು 99,000 ಆದರೆ ಮಿತಿ 19,800. ಬಾಕಿಯೂ ಆ ಗಂಟೆಯ ಸ್ವಂತ ಪಾಲೂ ಸೇರಿ ಬೇಕಿರುವುದು 22,500. ಉಳಿದ 2,700 ಮುಂದಿನ ಗಂಟೆಗೆ ಹೋಗುತ್ತದೆ. ದಿನ ಮುಗಿದರೂ ಉಳಿದರೆ, ಉಳಿಯಿತು ಎಂದು ಡೀಲರ್ ಫಂಡ್‌ಗೆ ಹೇಳುತ್ತಾರೆ. ಇದು ನಡೆದದ್ದನ್ನು ಪತ್ತೆಮಾಡುವುದೂ ಸುಲಭ. ಗುರಿಯ ಗೆರೆ, ಕೈಸೇರಿದ ಷೇರಿನ ಗೆರೆ ಎರಡನ್ನೂ ಒಂದೇ ನಕ್ಷೆಯಲ್ಲಿ ಎಳೆದರೆ ಎರಡನೆಯದು ಸಣ್ಣ ಮೆಟ್ಟಿಲುಗಳಲ್ಲಿ ಏರಬೇಕು. ಎಲ್ಲಾದರೂ ಗೋಡೆಯಂತೆ ನೆಟ್ಟಗೆ ನಿಂತಿದ್ದರೆ ಅಲ್ಲಿ ಸುರಿದಿದ್ದಾರೆ.

ತುಣುಕುಗಳು ಒಂದೇ ಅಳತೆಯಲ್ಲಿ, ಒಂದೇ ನಿಮಿಷಕ್ಕೆ ಬೀಳುವುದೂ ಅಪಾಯವೇ. 2012ರ ಜುಲೈ 19ರಂದು ಅಮೆರಿಕದಲ್ಲಿ ಕೋಕಾ-ಕೋಲಾ, ಮೆಕ್‌ಡೊನಾಲ್ಡ್ಸ್, ಐಬಿಎಂ, ಆ್ಯಪಲ್ ಷೇರುಗಳ ದರ ಗರಗಸದ ಹಲ್ಲುಗಳಂತೆ ಏರಿಳಿಯಿತು. ಅರ್ಧ ಗಂಟೆ ಒಂದು ದಿಕ್ಕು, ಮುಂದಿನ ಅರ್ಧ ಗಂಟೆ ಇನ್ನೊಂದು. ಗಡಿಯಾರಕ್ಕೆ ಕಟ್ಟಿದ ದೊಡ್ಡ ಆರ್ಡರ್‌ಗಳ ಗುರುತು ಇದು ಎಂದು ಪೇಟೆಯನ್ನು ಬಲ್ಲವರು ಓದಿದರು. ಇಂಥ ಗುರುತು ಸಿಕ್ಕಿದರೆ ಬೇರೆಯವರು ಮುಂದಿನ ತುಣುಕಿಗಿಂತ ಮೊದಲೇ ಕೊಂಡು ನಮಗೇ ಹೆಚ್ಚಿನ ದರಕ್ಕೆ ಮಾರುತ್ತಾರೆ. ಆದ್ದರಿಂದಲೇ 1,250 ಎಂಬುದು ಒಮ್ಮೆ 1,040, ಇನ್ನೊಮ್ಮೆ 1,410 ಆಗುವಂತೆ, ಐದು ನಿಮಿಷ ನಾಲ್ಕೋ ಆರೋ ಆಗುವಂತೆ ಪ್ರೋಗ್ರಾಂ ಬೇಕೆಂದೇ ಲಯ ತಪ್ಪಿಸುತ್ತದೆ.

ಹಾಗಾದರೆ ಪಟ್ಟಿಯನ್ನೇ ಬಿಟ್ಟು, ಪೇಟೆಯಲ್ಲಿ ಆ ಕ್ಷಣ ನಡೆಯುತ್ತಿರುವ ವಹಿವಾಟಿನ ಹಿಂದೆಯೇ ಹೋದರಾಗದೇ? 2010ರ ಮೇ 6ರಂದು ಅಮೆರಿಕದ ದೊಡ್ಡ ಹೂಡಿಕೆದಾರ ಸಂಸ್ಥೆಯೊಂದು ಹಾಗೆಯೇ ಮಾಡಿತು. ಮಾರಬೇಕಿದ್ದದ್ದು 75,000 ಇ-ಮಿನಿ ಕಾಂಟ್ರಾಕ್ಟ್, ಮೌಲ್ಯ ಸುಮಾರು 410 ಕೋಟಿ ಡಾಲರ್. ಹಿಂದಿನ ಒಂದು ನಿಮಿಷದ ವಹಿವಾಟಿನ ಶೇ 9ರಷ್ಟು ಮಾರುತ್ತ ಹೋಗು, ದರವನ್ನೂ ನೋಡಬೇಡ, ಹೊತ್ತನ್ನೂ ನೋಡಬೇಡ ಎಂಬುದು ಪ್ರೋಗ್ರಾಂಗೆ ಕೊಟ್ಟ ಆಜ್ಞೆ. ಪೇಟೆ ಆಗಲೇ ಗಾಬರಿಯಲ್ಲಿತ್ತು. ಅತಿವೇಗದ ವ್ಯಾಪಾರಿಗಳು ಅದೇ ಕಾಂಟ್ರಾಕ್ಟ್‌ಗಳನ್ನು ತಮ್ಮತಮ್ಮಲ್ಲೇ ಕೈಯಿಂದ ಕೈಗೆ ದಾಟಿಸತೊಡಗಿದಾಗ ವಹಿವಾಟಿನ ಸಂಖ್ಯೆ ಉಬ್ಬಿತು. ಉಬ್ಬಿದ ಸಂಖ್ಯೆಯನ್ನು ನಂಬಿ ಪ್ರೋಗ್ರಾಂ ಇನ್ನಷ್ಟು ಮಾರಿತು. ನಿಜವಾಗಿ ಕೊಳ್ಳುವವರು ಮಾತ್ರ ಹೆಚ್ಚಿರಲಿಲ್ಲ. ಇಡೀ ಮಾರಾಟ ಸುಮಾರು ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಯಿತು. ಅದೇ ಸಂಸ್ಥೆ ಹಿಂದೊಮ್ಮೆ ಇಷ್ಟೇ ದೊಡ್ಡ ಮಾರಾಟಕ್ಕೆ ಐದು ಗಂಟೆಗೂ ಹೆಚ್ಚು ತೆಗೆದುಕೊಂಡಿತ್ತೆಂದು ನಿಯಂತ್ರಕರ ವರದಿ ಹೇಳುತ್ತದೆ. ಗಡಿಯಾರ ಮಂದಬುದ್ಧಿಯದೇ ಇರಬಹುದು, ಆದರೆ ಐದು ಗಂಟೆಯ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಲು ಅದು ಬಿಡುವುದಿಲ್ಲ. ಅದಕ್ಕೇ ಪಟ್ಟಿ ಮತ್ತು ವಹಿವಾಟಿನ ಮಿತಿ ಎರಡೂ ಜೊತೆಗಿರಬೇಕೆಂದು ನಾನು ಒತ್ತಿಹೇಳುವುದು.

ಕೊನೆಗೆ ದಿನದ ಕೆಲಸವನ್ನು ಅಳೆಯುವ ಮಾತು. 1988ರಲ್ಲಿ ಬರ್ಕೊವಿಟ್ಜ್, ಲೋಗ್ ಮತ್ತು ನೋಸರ್ ಎಂಬ ಮೂವರು ವಿದ್ವಾಂಸರು ನ್ಯೂಯಾರ್ಕ್ ಷೇರುಪೇಟೆಯ ವ್ಯವಹಾರ ವೆಚ್ಚವನ್ನು ಅಳೆಯಲು ದಿನದ ವಿವಾಪ್ ಅನ್ನು ಅಳತೆಗೋಲಾಗಿ ಬಳಸಿದರು. ಅದಕ್ಕಿಂತ ಅಗ್ಗವಾಗಿ ಕೊಂಡರೆ ಡೀಲರ್ ಚೆನ್ನಾಗಿ ಕೆಲಸ ಮಾಡಿದರು ಎಂದರ್ಥ. ಆದರೆ ನಮ್ಮ ಖರೀದಿಯೂ ಆ ಸರಾಸರಿಯೊಳಗೇ ಕುಳಿತಿರುತ್ತದೆ. ದಿನದ ವಹಿವಾಟಿನ ಶೇ 40 ನಮ್ಮದೇ ಆಗಿ, ನಾವು 510ರಂತೆ ಕೊಂಡು, ಉಳಿದವರೆಲ್ಲ 500ರಂತೆ ಕೊಂಡಿದ್ದರೆ ವಿವಾಪ್ 504 ಆಗುತ್ತದೆ. ನಾವು ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದರೂ ವರದಿಯಲ್ಲಿ ಕಾಣುವುದು ಆರು. ಇಡೀ ಪೇಟೆ ನಾವೊಬ್ಬರೇ ಆದರೆ ಎಷ್ಟೇ ದುಬಾರಿಯಾಗಿ ಕೊಂಡರೂ ವ್ಯತ್ಯಾಸ ಸೊನ್ನೆ.

ಅದೇ 1988ರಲ್ಲಿ ಆಂದ್ರೆ ಪೆರೋಲ್ಡ್ ಇನ್ನೊಂದು ಅಳತೆಯನ್ನು ಮುಂದಿಟ್ಟರು. ಕೊಳ್ಳಬೇಕೆಂದು ತೀರ್ಮಾನಿಸಿದ ಕ್ಷಣದಲ್ಲಿ ದರ ಎಷ್ಟಿತ್ತೋ ಅಲ್ಲಿಂದಲೇ ಲೆಕ್ಕ ಶುರು, ಕೊಳ್ಳಲಾಗದೇ ಉಳಿದ ಷೇರುಗಳೂ ಲೆಕ್ಕದೊಳಗೆ. ನಮ್ಮ ಫಂಡ್ ತೀರ್ಮಾನಿಸಿದಾಗ ದರ 500 ಇದ್ದು, ಅಷ್ಟೂ 90,000 ಷೇರು ಸರಾಸರಿ 501.10ಕ್ಕೆ ಕೈಸೇರಿತೆನ್ನಿ. ವಿವಾಪ್‌ಗಿಂತ ಏಳು ಪೈಸೆ ಅಗ್ಗ, 6,300 ರೂಪಾಯಿ ಉಳಿತಾಯ ಎಂದು ಒಂದು ಲೆಕ್ಕ ಹೇಳುತ್ತದೆ. ತೀರ್ಮಾನದ ದರಕ್ಕಿಂತ 99,000 ರೂಪಾಯಿ ಹೆಚ್ಚು ಹೋಯಿತೆಂದು ಇನ್ನೊಂದು ಹೇಳುತ್ತದೆ. ಎರಡೂ ನಿಜ. ಆ 99,000ದಲ್ಲಿ ನಮ್ಮ ತಳ್ಳಾಟದಿಂದಾದದ್ದು ಎಷ್ಟು, ಪೇಟೆ ತಾನಾಗಿ ಏರಿದ್ದು ಎಷ್ಟು ಎಂದು ಒಂದು ದಿನದ ಅಂಕಿಗಳಿಂದ ಬಿಡಿಸಲಾಗದು. ಕೊಂಡದ್ದು, ಮಾರಿದ್ದು ಸೇರಿ ನೂರಾರು ಆರ್ಡರ್‌ಗಳನ್ನು ಒಟ್ಟಿಗೆ ಹರಡಿ ನೋಡಿದಾಗ ಪೇಟೆಯ ಏರಿಳಿತಗಳು ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ಆಗ ಉಳಿಯುವ ಮೊತ್ತ ತುಂಡು ಮಾಡಿದ ರೀತಿಯ ನಿಜವಾದ ಖರ್ಚಿಗೆ ಹತ್ತಿರವಾಗಿರುತ್ತದೆ.